‘ಎಪಾ’ ಅನ್ನುವುದಕ್ಕೂ ಒಂದು ಜಾಗ

ಸಿಂಹಳದಲ್ಲಿ ‘ಅವಸರಯ’ ಅಂದರೆ ಅನುಮತಿ. ‘ಸಂಶೋಧನಯ’ ಅಂದರೆ ತಿದ್ದುಪಡಿ. ನಾವು ಸಂಶೋಧನೆ ಅನ್ನುವುದನ್ನು ಅವರು ‘ಪರ್ಯೇಷಣಯ’ ಅನ್ನುತ್ತಾರೆ. ಕನ್ನಡದವರಿಗೆ ಸಿಂಹಳ ಕೇಳಿದಾಗ ಒಂದು ಸಲಿಗೆ ಹುಟ್ಟುತ್ತದೆ. ರುಧಿರ, ಮೂತ್ರ, ರಹಸ್ಯ, ಪ್ರಯೋಜನ ಎಲ್ಲವೂ ಅಲ್ಲೂ ಇವೆ. ದುಂಡಗಿನ ಅಕ್ಷರಗಳು ಬೇರೆ. ಆ ಸಲಿಗೆಯನ್ನು ಪೂರ್ತಿ ನಂಬಬಾರದು ಅಂತ ನಾನು ಕಲಿತದ್ದು ನಾಲ್ಕು ಪುಟದ ಒಂದು ಕಾಗದದಿಂದ.

ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯದಲ್ಲಿ, ಅನುರಾಧಪುರದ ಸುತ್ತಮುತ್ತ, ಎಲ್ಲಿ ನೋಡಿದರೂ ಕೆರೆ ಮತ್ತು ಗದ್ದೆ. ಅಲ್ಲಿ 1990ರ ದಶಕದಿಂದ ಭತ್ತ ಬೆಳೆಯುವ ರೈತರಲ್ಲಿ ಕಿಡ್ನಿ ಹಾಳಾಗುವ ಕಾಯಿಲೆ ಜಾಸ್ತಿ ಕಾಣಿಸಿಕೊಂಡಿತು. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡದ ಇತಿಹಾಸ ಇಲ್ಲ, ಆದರೂ ಕಿಡ್ನಿ ಹೋಗುತ್ತದೆ. ಕಾರಣ ಏನು ಅನ್ನುವುದು ಇನ್ನೂ ಖಚಿತವಾಗಿಲ್ಲ. ನೀರು, ಬಿಸಿಲು, ಕೀಟನಾಶಕ, ಲೋಹದ ಅಂಶ ಅಂತ ಹಲವು ವಾದಗಳಿವೆ. ಕಾರಣ ಸಿಗದ ಕಾಯಿಲೆಯಾದ್ದರಿಂದ ಒಂದರ ಹಿಂದೆ ಒಂದು ತಂಡ ಹೋಗಿ ಅಲ್ಲಿ ರಕ್ತ, ಮೂತ್ರ, ಬಾವಿ ನೀರು ತೆಗೆದುಕೊಂಡು ಬಂದಿದೆ. ನಾನು ಸೇರಿದ್ದು ಅಂಥದ್ದೇ ಒಂದು ತಂಡಕ್ಕೆ. ವರ್ಷಕ್ಕೆ ಮೂರು ಸಲ ಮನೆಗೆ ಹೋಗಬೇಕು, 10 ಮಿಲಿ ರಕ್ತ, ಒಂದು ಡಬ್ಬಿ ಮೂತ್ರ, ಮುಕ್ಕಾಲು ಗಂಟೆ ಪ್ರಶ್ನೆಗಳು. ಅದಕ್ಕೆ ಮೊದಲು, ಅಧ್ಯಯನದಿಂದ ಜನರಿಗೆ ತೊಂದರೆಯಾಗದ ಹಾಗೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ಅನುಮತಿ ಬೇಕಾದರೆ ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರವನ್ನು ಇಂಗ್ಲಿಷಿನ ಜೊತೆಗೆ ಸಿಂಹಳ ಮತ್ತು ತಮಿಳಿನಲ್ಲೂ ಕೊಡಬೇಕು. ತಮಿಳಿನದು ಇನ್ನೊಬ್ಬರ ಕೈಲಿತ್ತು. ಇಲ್ಲಿ ಬರೆಯುತ್ತಿರುವುದು ಸಿಂಹಳದ ಬಗ್ಗೆ.

ಅನುವಾದಿಸಿದವಳು ನಾನಲ್ಲ. ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿ ಅನುವಾದಿಸಿದಳು. ಅವಳ ಪಕ್ಕದಲ್ಲಿ ಕೂತು ಇಂಗ್ಲಿಷ್ ಸಾಲು ಏನು ಹೇಳಬೇಕಿತ್ತು ಅಂತ ವಿವರಿಸುವುದು, ಆಮೇಲೆ ಸಿಂಹಳ ಸಾಲು ಏನು ಹೇಳುತ್ತಿದೆ ಅಂತ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ನನ್ನ ಸಿಂಹಳ ಆಗ ಅಂಗಡಿ, ಬಸ್ಸಿನ ಮಟ್ಟದ್ದು. ಅದರಿಂದಲೂ ಒಂದು ಉಪಯೋಗ ಆಯಿತು. ಅವಳಿಗೆ ಸಹಜ ಅನ್ನಿಸಿದ ಪದ ನನಗೆ ತಿಳಿಯದಿದ್ದಾಗ ನಾನು ಕೇಳುತ್ತಿದ್ದೆ, ‘ಇದನ್ನು ನಿಮ್ಮ ಅಮ್ಮ ಮನೆಯಲ್ಲಿ ಹೇಗೆ ಹೇಳುತ್ತಾರೆ?’ ಅವಳು ಸ್ವಲ್ಪ ಸುಮ್ಮನಿದ್ದು, ‘ಅಮ್ಮ ಈ ಪದ ಬಳಸುವುದೇ ಇಲ್ಲ’ ಅನ್ನುತ್ತಿದ್ದಳು.

ಬರೆಯುವ ಸಿಂಹಳಕ್ಕೂ ಆಡುವ ಸಿಂಹಳಕ್ಕೂ ಇರುವ ದೂರ ನಮ್ಮಲ್ಲಿಗಿಂತ ತುಂಬಾ ಹೆಚ್ಚು. ನಾವು ‘ಹೋಗುತ್ತೇನೆ’ ಅಂತ ಬರೆದು ‘ಹೋಗ್ತೀನಿ’ ಅನ್ನುತ್ತೇವೆ. ಆದರೂ ನಾನು, ಅವನು, ಅವರು ಅನ್ನುವುದಕ್ಕೆ ತಕ್ಕ ಹಾಗೆ ಕ್ರಿಯಾಪದದ ಕೊನೆ ಎರಡರಲ್ಲೂ ಬದಲಾಗುತ್ತದೆ. ಮಾತಿನ ಸಿಂಹಳದಲ್ಲಿ ಅದು ಬಿದ್ದೇ ಹೋಗಿದೆ. ಯಾರು ಹೋದರೂ ‘ಯನವಾ’. ಬರಹದಲ್ಲಿ ಮಾತ್ರ ನಾನು ಹೋದರೆ ‘ಯಮಿ’, ಅವನು ಹೋದರೆ ‘ಯಯಿ’, ಅವರು ಹೋದರೆ ‘ಯತಿ’. ಒಪ್ಪಿಗೆ ಪತ್ರದ ಕೊನೆಯಲ್ಲಿ ಸಾಮಾನ್ಯವಾಗಿ ‘ಮಮ ಎಕಂಗ ವೆಮಿ’ ಅಂತ ಇರುತ್ತದೆ. ‘ನಾನು ಸಮ್ಮತಿಸುತ್ತೇನೆ’ ಅಂತ. ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಅಲ್ಲಿ ‘ಮಮ ಕ್ಯಾಮತಿಯಿ’, ‘ನನಗೆ ಇಷ್ಟ, ಆಗಬಹುದು’ ಅಂತಾರೆ.

ಶ್ರೀಲಂಕಾದ ಹಳ್ಳಿಗಳಲ್ಲಿ ಓದು ಬರಹ ಬಾರದವರು ಕಡಿಮೆ. ತೀರಾ ವಯಸ್ಸಾದ ಕೆಲವರು ಬಿಟ್ಟರೆ ಹೆಚ್ಚಿನವರು ಪೇಪರ್ ಓದುತ್ತಾರೆ. ಹೆಬ್ಬೆಟ್ಟು ಒತ್ತುವವರಿಗೆ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಜೊತೆಗಿರಬೇಕು ಅಂತ ನಿಯಮವಿದೆ, ನಮಗೆ ಅದು ಬೇಕಾದದ್ದು ಎರಡು ಮೂರು ಮನೆಗಳಲ್ಲಷ್ಟೇ. ಹಾಗಾಗಿ ತೊಡಕು ಅಕ್ಷರದ್ದಲ್ಲ. ‘ವೆಮಿ’ ಅಂತ ಮುಗಿಯುವ ವಾಕ್ಯ ಕಂಡ ಕೂಡಲೇ ಇದು ಬ್ಯಾಂಕಿನ ಕಾಗದ, ಆಫೀಸಿನ ಕಾಗದ, ಸಹಿ ಹಾಕುವ ಕಾಗದ ಅಂತ ಗೊತ್ತಾಗಿಬಿಡುತ್ತದೆ. ಅಂಥ ಕಾಗದವನ್ನು ಓದಿ ಪ್ರಶ್ನೆ ಕೇಳುವ ರೂಢಿ ಯಾರಿಗೂ ಇಲ್ಲ. ನಮ್ಮಲ್ಲೂ ಸಾಲದ ಪತ್ರವನ್ನು ಪೂರ್ತಿ ಓದಿ ಸಹಿ ಹಾಕುವವರು ಎಷ್ಟು ಜನ, ಅಲ್ವಾ?

ಹಾಗಂತ ಪೂರ್ತಿ ಆಡುಮಾತಿನಲ್ಲಿ ಬರೆದು ನೋಡಿದೆವು. ಅದೂ ಸರಿಹೋಗಲಿಲ್ಲ. ಓದಿದ ಒಬ್ಬ ನಿವೃತ್ತ ಮೇಷ್ಟ್ರು ಕಾಗದ ಕೆಳಗಿಟ್ಟು, ‘ನಮ್ಮನ್ನು ಮಕ್ಕಳು ಅಂದುಕೊಂಡಿದ್ದೀರಾ?’ ಅಂದರು. ಅವರ ಮಾತಿನಲ್ಲಿ ನಿಜ ಇತ್ತು. ಅಚ್ಚಾದ ಕಾಗದದಲ್ಲಿ ಆಡುಮಾತು ಕಂಡರೆ ಅಲ್ಲಿನವರಿಗೆ ಗೌರವ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಕೊನೆಗೆ ಎರಡು ಮಾಡಿದೆವು. ಕೈಗೆ ಕೊಡುವ ಹಾಳೆ ಸರಳ ಬರಹದ ಸಿಂಹಳದಲ್ಲಿ, ಚಿಕ್ಕ ವಾಕ್ಯಗಳಲ್ಲಿ. ಮನೆಗೆ ಹೋದ ಕಾರ್ಯಕರ್ತೆ ಬಾಯಲ್ಲಿ ಹೇಳಬೇಕಾದದ್ದು ಬೇರೆ, ಅಪ್ಪಟ ಆಡುಮಾತಿನಲ್ಲಿ. ಆ ಮಾತನ್ನೂ ಅಕ್ಷರಶಃ ಬರೆದು ಕಮಿಟಿಗೆ ಕೊಟ್ಟೆವು. ಬಾಯಲ್ಲಿ ಹೇಳುವುದನ್ನು ಆಯಾ ಕಾರ್ಯಕರ್ತೆಯ ಇಷ್ಟಕ್ಕೆ ಬಿಟ್ಟರೆ ಒಂದೊಂದು ಮನೆಯಲ್ಲಿ ಒಂದೊಂದು ಅಧ್ಯಯನ ನಡೆಯುತ್ತದೆ.

‘ನೀವು’ ಅನ್ನುವುದು ಇನ್ನೊಂದು ಗಂಟು. ಬರಹದಲ್ಲಿ ‘ಒಬ’ ಅಂತಾರೆ. ಅದು ಟೀವಿ ಜಾಹೀರಾತಿನ ಮಾತು, ಹಳ್ಳಿಯಲ್ಲಿ ಯಾರೂ ಯಾರನ್ನೂ ಹಾಗೆ ಕರೆಯುವುದಿಲ್ಲ. ‘ಒಯಾ’ ಅಂದರೆ ಹಿರಿಯರಿಗೆ ಸಲಿಗೆ ಜಾಸ್ತಿ. ನಿಜವಾಗಿ ಕರೆಯುವುದು ಮಾಮಾ, ಸೀಯಾ, ಅಮ್ಮಾ, ಆಚ್ಚಿ ಅಂತ, ಅಂದರೆ ಮಾವ, ಅಜ್ಜ, ಅಮ್ಮ, ಅಜ್ಜಿ ಅಂತಲೇ. ಅಚ್ಚಿನಲ್ಲಿ ಅದನ್ನು ಹಾಕಲಾಗುವುದಿಲ್ಲ. ಸಿಂಹಳದಲ್ಲಿ ಸರ್ವನಾಮವಿಲ್ಲದೆಯೂ ವಾಕ್ಯ ನಿಲ್ಲುತ್ತದೆ. ನನ್ನ ಸಹೋದ್ಯೋಗಿ ಒಂದೊಂದೇ ‘ಒಬ’ವನ್ನು ತೆಗೆದಳು. ಕೊನೆಗೆ ಮೂರೇ ಉಳಿದವು. ಓದುವಾಗ ಕಾಗದದ ಬಿಗಿತ ಅರ್ಧ ಇಳಿದಿತ್ತು.

ಈಗ ನನ್ನನ್ನು ಬಹಳ ದಿನ ಕಾಡಿದ ಪದಕ್ಕೆ ಬರುತ್ತೇನೆ.

ನಮ್ಮ ಇಂಗ್ಲಿಷ್ ಹಾಳೆಯಲ್ಲಿ ‘10 ಮಿಲಿ ರಕ್ತವನ್ನು ದಾನ ಮಾಡುವಂತೆ ಕೋರುತ್ತೇವೆ’ ಅನ್ನುವ ಅರ್ಥದ ಸಾಲಿತ್ತು. ಇಂಗ್ಲಿಷಿನ ಅಧ್ಯಯನಗಳಲ್ಲಿ ‘ಡೊನೇಟ್’ ಅನ್ನುವುದು ಮಾಮೂಲಿ ಪದ, ಯಾರೂ ಎರಡನೇ ಸಲ ನೋಡುವುದಿಲ್ಲ. ಸಿಂಹಳಕ್ಕೆ ಅದು ‘ಪರಿತ್ಯಾಗ’ ಅಂತ ಬಂತು. ನಿಘಂಟಿನ ಪ್ರಕಾರ ಸರಿಯೇ. ಕ್ರಮದಂತೆ ಸಿಂಹಳ ಹಾಳೆಯನ್ನು ಮೂಲ ನೋಡಿರದ ಇನ್ನೊಬ್ಬರಿಗೆ ಕೊಟ್ಟು ಇಂಗ್ಲಿಷಿಗೆ ವಾಪಸ್ ಅನುವಾದ ಮಾಡಿಸಿದೆವು. ಎರಡು ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಆ ಸಾಲು ಪದಕ್ಕೆ ಪದ ಹೊಂದಿತ್ತು. ಹಸಿರು ಗುರುತು ಹಾಕಿ ಮುಂದಕ್ಕೆ ಹೋದೆವು.

ಆಮೇಲೆ ಹಾಳೆಯನ್ನು ಪರೀಕ್ಷಿಸಲು ಹಳ್ಳಿಯೊಂದರಲ್ಲಿ ಎಂಟು ಜನರ ಜೊತೆ ಕೂತೆವು. ಅಧ್ಯಯನಕ್ಕೆ ಸೇರದವರು, ಆದರೆ ಅದೇ ಕಡೆಯವರು. ಹಲಸಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಬೆಲ್ಲದ ಚೂರಿನ ಜೊತೆ ಹಾಲಿಲ್ಲದ ಟೀ. ‘ತೇರುಣಾದ?’, ಅರ್ಥವಾಯಿತಾ, ಅಂತ ಕೇಳಬಾರದು ಅಂತ ಮೊದಲೇ ತೀರ್ಮಾನಿಸಿದ್ದೆವು. ಹಾಗೆ ಕೇಳಿದರೆ ಎಲ್ಲರೂ ‘ತೇರುಣಾ’ ಅನ್ನುತ್ತಾರೆ. ಅದರ ಬದಲು, ‘ಇದನ್ನು ಓದದ ನಿಮ್ಮ ಪಕ್ಕದ ಮನೆಯವರಿಗೆ ನೀವು ಹೇಗೆ ಹೇಳುತ್ತೀರಿ?’ ಅಂತ ಕೇಳಿದೆವು.

ಐವತ್ತೈದರ ಸುಮಾರಿನ ರೈತರೊಬ್ಬರು ಹೇಳಿದ್ದು ಹೀಗೆ: ‘ನಮ್ಮ ವಿಹಾರದಲ್ಲಿ ಪೋಯ ದಿನ ಲೇ ದನ್ ದೆನವಾ ಅಲ್ಲವಾ, ಅದೇ ಥರ. ಈ ಸಲ ಮನೆಗೇ ಬರುತ್ತಾರೆ.’

‘ಲೇ’ ಅಂದರೆ ರಕ್ತ. ‘ಲೇ ದನ್ ದೆನವಾ’ ಅಂದರೆ ರಕ್ತದಾನ ಮಾಡುವುದು. ಶ್ರೀಲಂಕಾದಲ್ಲಿ ರಕ್ತದಾನ ಶಿಬಿರಗಳು ಬೌದ್ಧ ವಿಹಾರಗಳಲ್ಲಿ ನಡೆಯುವುದು ತೀರಾ ಸಾಮಾನ್ಯ. ಹುಣ್ಣಿಮೆಯ ಪೋಯ ದಿನ ಬಿಳಿ ಬಟ್ಟೆ ಉಟ್ಟು ಹೋಗಿ ಕೊಟ್ಟು ಬರುತ್ತಾರೆ. ಅದು ದಾನ, ಅದರಿಂದ ‘ಪಿನ್’ ಬರುತ್ತದೆ, ಅಂದರೆ ಪುಣ್ಯ. ಆ ರೈತರ ಪಕ್ಕದಲ್ಲಿದ್ದ ಹೆಂಗಸು ಕೇಳಿದರು: ‘ಹಾಗಾದರೆ ಒಂದು ಚೀಲ ತುಂಬಾ ತೆಗೆಯುತ್ತಾರಾ? ನನಗೆ ರಕ್ತ ಕಡಿಮೆ ಇದೆ.’ ಶಿಬಿರದ ಚೀಲ ಅಂದರೆ 450 ಮಿಲಿ ಆಸುಪಾಸು. ನಮಗೆ ಬೇಕಾಗಿದ್ದದ್ದು 10.

ಅಳತೆಯ ತಪ್ಪನ್ನು ಆ ಸಂಜೆಯೇ ಸರಿಮಾಡಿದೆವು. ‘ತೇ ಹ್ಯಾಂದಿ ದೆಕಕ್’, ಎರಡು ಟೀ ಚಮಚ, ಅಂತ ಬರೆದೆವು. ಕಾರ್ಯಕರ್ತೆಯ ಚೀಲದಲ್ಲಿ ಒಂದು ಟೀ ಚಮಚವನ್ನೂ ಇಟ್ಟೆವು, ತೋರಿಸಲು. ಆದರೆ ದಾನದ ತೊಡಕು ಅಷ್ಟಕ್ಕೆ ಮುಗಿಯಲಿಲ್ಲ. ಅದೇ ಹಾಳೆಯ ಮೂರನೇ ಪುಟದಲ್ಲಿ ‘ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಕೊಟ್ಟ ಮಾದರಿಯನ್ನು ನಾಶಮಾಡಿ ಅಂತ ಹೇಳಬಹುದು’ ಅಂತಿತ್ತು. ದಾನ ಕೊಟ್ಟದ್ದನ್ನು ಯಾರಾದರೂ ವಾಪಸ್ ಕೇಳುತ್ತಾರಾ? ಕೇಳಿದರೆ ಪುಣ್ಯ ಹೋಗಿ ಪಾಪ ಬರುತ್ತದೆ. ಮೊದಲ ಪುಟದ ಒಂದು ಪದ ಮೂರನೇ ಪುಟದ ಹಕ್ಕನ್ನು ಸದ್ದಿಲ್ಲದೆ ಕಿತ್ತುಕೊಂಡಿತ್ತು. ಕೊಡಲ್ಲ ಅನ್ನುವುದೂ ಕಷ್ಟ. ದಾನಕ್ಕೆ ಅಂತ ಮನೆ ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆ?

ವಾಪಸ್ ಅನುವಾದದಲ್ಲಿ ಇದು ಸಿಗುವುದಕ್ಕೆ ಸಾಧ್ಯವೇ ಇರಲಿಲ್ಲ. ಆ ಪದ ಇಂಗ್ಲಿಷಿನಿಂದ ದಾನವಾಗಿ ಹೋಗಿ ದಾನವಾಗಿಯೇ ವಾಪಸ್ ಬಂದಿತ್ತು. ನಡುವೆ ಅದು ಎಲ್ಲಿ ಇಳಿದು ಯಾರ ಮನೆಗೆ ಹೋಗಿಬಂತು ಅಂತ ಆ ಹೋಲಿಕೆ ಹೇಳುವುದಿಲ್ಲ. ವಾಪಸ್ ಅನುವಾದಿಸುವವರು ಚೆನ್ನಾಗಿ ಓದಿದವರಾಗಿದ್ದರೆ ಇನ್ನೂ ಒಂದು ತೊಂದರೆ. ಅವರು ತಪ್ಪನ್ನು ತಾವೇ ಸರಿಮಾಡಿಕೊಂಡು ಓದುತ್ತಾರೆ. ಸಿಂಹಳದಲ್ಲಿ ‘ಅವದಾನಮ’ ಅಂದರೆ ಅಪಾಯ, ‘ಅವಧಾನಯ’ ಅಂದರೆ ಗಮನ. ಅಲ್ಪಪ್ರಾಣ ಮಹಾಪ್ರಾಣದ ಗೊಂದಲದಲ್ಲಿ ಅಲ್ಲಿನವರೇ ಆಗಾಗ ತಪ್ಪು ಬರೆಯುವ ಜೋಡಿ ಇದು. ನಮ್ಮ ಹಾಳೆಯ ‘ಅಪಾಯಗಳು’ ಅನ್ನುವ ತಲೆಬರಹದಲ್ಲೂ ಬೇಡದ ಮಹಾಪ್ರಾಣ ಸೇರಿಕೊಂಡಿತ್ತು. ವಾಪಸ್ ಬಂದ ಇಂಗ್ಲಿಷಿನಲ್ಲಿ ಮಾತ್ರ ಅಚ್ಚುಕಟ್ಟಾಗಿ ‘ಅಪಾಯಗಳು’ ಅಂತಿತ್ತು. ತಪ್ಪು ಕಣ್ಣಿಗೆ ಬಿದ್ದದ್ದು ಆ ಮೇಷ್ಟ್ರಿಗೇ.

‘ಪರಿತ್ಯಾಗ’ವನ್ನು ತೆಗೆದೆವು. ಬದಲಿಗೆ ‘ಲೇ ಗನ್ನವಾ’, ರಕ್ತ ತೆಗೆದುಕೊಳ್ಳುತ್ತೇವೆ, ಅಂತ ಬರೆದೆವು. ಕೊಡುವವರು ಅವರು ಅನ್ನುವುದರ ಬದಲು ತೆಗೆದುಕೊಳ್ಳುವವರು ನಾವು ಅಂತಾಯಿತು. ತಂಡದ ಹಿರಿಯರೊಬ್ಬರಿಗೆ ಇದು ಒರಟಾಗಿ ಕಂಡಿತು. ನನಗೆ ಅದೇ ಪ್ರಾಮಾಣಿಕ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಕ್ಲಿನಿಕ್ಕಿನಲ್ಲಿ ನರ್ಸ್ ಹೇಳುವುದೂ ಅದನ್ನೇ.

ಅದೇ ಮರದ ಕೆಳಗೆ ಸಿಕ್ಕ ಇನ್ನೊಂದು ವಿಷಯ ಅನುಮತಿಯ ಸಾಲಿನದು. ಪ್ರತಿ ಮಾಹಿತಿ ಪತ್ರದಲ್ಲೂ ‘ಈ ಅಧ್ಯಯನಕ್ಕೆ ಎಥಿಕ್ಸ್ ಕಮಿಟಿಯ ಅನುಮೋದನೆ ಇದೆ’ ಅಂತ ಒಂದು ಸಾಲು ಇರಲೇಬೇಕು. ಎಥಿಕ್ಸಿಗೆ ಸಿಂಹಳದಲ್ಲಿ ‘ಆಚಾರಧರ್ಮ’, ಅನುಮೋದನೆಗೆ ‘ಅನುಮ್ಯಾತಿಯ’. ಎಂಟರಲ್ಲಿ ಆರು ಜನ ಆ ಸಾಲನ್ನು ಓದಿ, ‘ಸರ್ಕಾರ ಒಪ್ಪಿದೆ, ದೊಡ್ಡವರು ಒಳ್ಳೆಯದು ಅಂದಿದ್ದಾರೆ, ಅಂದಮೇಲೆ ನಾವು ಮಾಡಬೇಕು’ ಅಂತ ಹೇಳಿದರು. ಒಬ್ಬರಿಗೆ ಮುದ್ರೆ ನೋಡಿ ಇದು ಗ್ರಾಮ ನಿಲಧಾರಿ, ಅಂದರೆ ಹಳ್ಳಿಯ ಸರ್ಕಾರಿ ಅಧಿಕಾರಿಯ ಕಡೆಯಿಂದ ಬಂದ ಕಾಗದ ಅನ್ನಿಸಿತ್ತು. ಅಲ್ಲಿ ಕಿಡ್ನಿ ರೋಗಿಗಳಿಗೆ ಸರ್ಕಾರದಿಂದ ತಿಂಗಳ ನೆರವಿನ ಹಣ ಬರುತ್ತದೆ. ಸಹಿ ಹಾಕದಿದ್ದರೆ ಪಟ್ಟಿಯಿಂದ ಹೆಸರು ಹೋಗಬಹುದು, ಹಾಕಿದರೆ ಸೇರಬಹುದು. ಹಾಗೆ ಯೋಚಿಸುವುದು ತೀರಾ ಸಹಜ. ‘ಪರ್ಯೇಷಣಯ’ ಮತ್ತು ‘ಪರೀಕ್ಷಣಯ’ ಕಿವಿಗೆ ಹತ್ತಿರ ಹತ್ತಿರ ಕೇಳುತ್ತವೆ. ಎರಡನೆಯದು ಕ್ಲಿನಿಕ್ಕಿನಲ್ಲಿ ದಿನಾ ಬಳಸುವ ಪದ, ತಪಾಸಣೆ ಅಂತ. ಹಾಗಾಗಿ ಇದು ತಮ್ಮ ಚಿಕಿತ್ಸೆಯ ಭಾಗ ಅಂತಲೂ ಇಬ್ಬರು ತಿಳಿದಿದ್ದರು.

ಜನರನ್ನು ಕಾಪಾಡಲು ಹಾಕಿದ ಸಾಲು ಅವರ ಮೇಲೆ ಒತ್ತಡ ಹಾಕುತ್ತಿತ್ತು. ಅದನ್ನು ಬಿಡಿಸಿ ಮೂರು ವಾಕ್ಯ ಮಾಡಿದೆವು. ಈ ಕೆಲಸದಿಂದ ಜನರಿಗೆ ತೊಂದರೆ ಆಗುತ್ತದೆಯೇ ಅಂತ ಒಂದು ಕಮಿಟಿ ನೋಡಿದೆ. ಸೇರಿ ಅಂತ ಆ ಕಮಿಟಿ ಹೇಳಿಲ್ಲ. ಸೇರಿದರೂ ಸೇರದಿದ್ದರೂ ಕ್ಲಿನಿಕ್ಕಿಗೂ ತಿಂಗಳ ಹಣಕ್ಕೂ ಸಂಬಂಧವಿಲ್ಲ. ಹಣದ ಮಾತನ್ನು ಹೀಗೆ ನೇರವಾಗಿ ಬರೆಯಬೇಕೇ ಅಂತ ತಂಡದಲ್ಲಿ ಚರ್ಚೆ ಆಯಿತು. ಮೂಲದಲ್ಲಿ ‘ನಿಮಗೆ ಸಿಗುವ ಯಾವುದೇ ಸೌಲಭ್ಯಗಳಿಗೆ ಬಾಧೆಯಿಲ್ಲ’ ಅಂತಷ್ಟೇ ಇತ್ತು. ಸೌಲಭ್ಯ ಅನ್ನುವ ಪದದೊಳಗೆ ತಿಂಗಳ ಹಣ ಇದೆ ಅಂತ ಯಾರಿಗೂ ಹೊಳೆದಿರಲಿಲ್ಲ. ಬರೆಯಲೇಬೇಕು ಅಂತ ನಾವಿಬ್ಬರೂ ಪಟ್ಟು ಹಿಡಿದೆವು.

ಎಲ್ಲದಕ್ಕಿಂತ ಕಷ್ಟವಾದದ್ದು ‘ಬೇಡ’ ಅನ್ನುವುದು. ಹಾಳೆಯಲ್ಲಿ ‘ಸ್ವೇಚ್ಛಾವೆನ್’ ಅಂತಿತ್ತು, ಸ್ವಇಚ್ಛೆಯಿಂದ ಅಂತ. ‘ಇವತ್ ವಿಯ ಹ್ಯಾಕ’ ಅಂತಿತ್ತು, ಹಿಂದೆ ಸರಿಯಬಹುದು ಅಂತ. ಎರಡೂ ಶುದ್ಧ ಸಿಂಹಳ. ಆದರೆ ‘ನೀವು ಆಗಲ್ಲ ಅಂದರೆ ಏನಾಗುತ್ತದೆ?’ ಅಂತ ಕೇಳಿದಾಗ ಬಂದ ಉತ್ತರ: ‘ಏನೂ ಆಗಲ್ಲ, ಆದರೆ ಡಾಕ್ಟರ್ ಮಹತ್ತಯಾಗೆ ಹಿತ ರಿದೆನವಾ.’ ಮನಸ್ಸಿಗೆ ನೋವಾಗುತ್ತದೆ. ಅಷ್ಟು ದೂರದಿಂದ ಬಂದವರ ಮನಸ್ಸು ನೋಯಿಸುವುದು ಹೇಗೆ ಅನ್ನುವುದೇ ಅವರ ಚಿಂತೆ.

ಸಿಂಹಳದಲ್ಲಿ ಬೇಡ ಅನ್ನುವುದಕ್ಕೆ ‘ಎಪಾ’ ಅಂತಾರೆ. ಮಗು ಊಟ ಬೇಡ ಅನ್ನುವುದೂ ಅದರಲ್ಲೇ, ಅಂಗಡಿಯಲ್ಲಿ ಚೀಲ ಬೇಡ ಅನ್ನುವುದೂ ಅದರಲ್ಲೇ. ನಮ್ಮ ನಾಲ್ಕು ಪುಟಗಳಲ್ಲಿ ಆ ಪದ ಒಂದು ಸಲವೂ ಇರಲಿಲ್ಲ. ನನ್ನ ಸಹೋದ್ಯೋಗಿ ಅದನ್ನು ಹಾಕಿದಳು: ‘“ಎಪಾ” ಕಿಯನ್ನ ಪುಳುವನ್. ಕವುರುವತ್ ತರಹಾ ವೆನ್ನೇ ನ್ಯಾ.’ ‘ಬೇಡ’ ಅನ್ನಬಹುದು, ಯಾರೂ ಸಿಟ್ಟಾಗುವುದಿಲ್ಲ. ಅಧಿಕೃತ ಕಾಗದದಲ್ಲಿ ಈ ಪದ ಚೆನ್ನಾಗಿ ಕಾಣುವುದಿಲ್ಲ ಅಂತ ಕಮಿಟಿಯಿಂದ ಪ್ರಶ್ನೆ ಬಂತು. ಮರದ ಕೆಳಗಿನ ಉತ್ತರಗಳನ್ನು ಹಾಗೆ ಹಾಗೇ ಬರೆದು ಕಳಿಸಿದೆವು. ಉದ್ಧರಣ ಚಿಹ್ನೆಯ ಒಳಗೆ ಇಡಿ ಅಂತ ಹೇಳಿ ಒಪ್ಪಿದರು.

ಒಪ್ಪಿಗೆ ಸಿಕ್ಕ ಮೇಲೆ ಒಂದು ಅಕ್ಷರ ಬದಲಿಸಿದರೂ ಮತ್ತೆ ಕಮಿಟಿಗೆ ಹೋಗಬೇಕು. ಪ್ರತಿ ಪುಟದ ಕೆಳಗೆ ಆವೃತ್ತಿಯ ಸಂಖ್ಯೆ, ತಾರೀಕು ಇರುತ್ತದೆ. ಮುದ್ರೆ ಬಿದ್ದ ಆವೃತ್ತಿಯನ್ನು ಬಿಟ್ಟು ಬೇರೆ ಹಾಳೆಗೆ ಸಹಿ ಮಾಡಿಸುವಂತಿಲ್ಲ. ನಾವು ಮೂರನೇ ಆವೃತ್ತಿಗೆ ಬರುವ ಹೊತ್ತಿಗೆ ‘ಮಹ’ ಅನ್ನುವ ದೊಡ್ಡ ಭತ್ತದ ಹಂಗಾಮಿನ ಕೊಯ್ಲು ಶುರುವಾಗಿತ್ತು. ಫೆಬ್ರವರಿ, ಮಾರ್ಚಿನಲ್ಲಿ ಯಾರ ಮನೆಯಲ್ಲೂ ಜನ ಸಿಗುವುದಿಲ್ಲ. ಪ್ರಿಂಟಿಂಗ್ ಅಂಗಡಿಯವರು ನಮ್ಮ ಯೂನಿಕೋಡ್ ಪಠ್ಯವನ್ನು ತಮ್ಮ ಹಳೆಯ ಫಾಂಟಿಗೆ ಬದಲಿಸಿದಾಗ ‘ಪ್ರಯೋಜನ’ದ ಒತ್ತಕ್ಷರ ಕಿತ್ತು ಬಂತು. ನುಡಿ, ಬರಹದ ಹಳೆಯ ಫೈಲುಗಳನ್ನು ತೆರೆದು ಗೊತ್ತಿರುವ ಕನ್ನಡದವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಗಡಿಯಲ್ಲೇ ಕೂತು ಸಾಲು ಸಾಲಾಗಿ ಓದಿ ಸರಿಮಾಡಿಸಿದೆವು. ಕೊನೆಗೆ ಹಾಳೆ ಎರಡು ಪುಟಕ್ಕೆ ಇಳಿದಿತ್ತು.

ಒಂದು ಪ್ರತಿ ಅವರಿಗೆ, ಒಂದು ನಮಗೆ. ಜನ ತಮ್ಮ ಪ್ರತಿಯನ್ನು ಎಲ್ಲಿಡುತ್ತಾರೆ ಅಂತ ನಾನು ಗಮನಿಸುತ್ತಿದ್ದೆ. ಹೆಚ್ಚಿನವರು ಮಡಚಿ ಕ್ಲಿನಿಕ್ ಪುಸ್ತಕದೊಳಗೆ ಸೇರಿಸುತ್ತಿದ್ದರು, ಔಷಧಿ ಚೀಟಿಗಳ ಜೊತೆ.

ಎರಡನೇ ಸುತ್ತಿನಲ್ಲಿ ಒಬ್ಬ ಅಜ್ಜಿಯ ಮನೆಗೆ ಹೋದೆವು. ಭತ್ತ ಒಣಗಲು ಹಾಕಿದ್ದ ಅಂಗಳ. ಕಾರ್ಯಕರ್ತೆ ‘ಆಚ್ಚಿ, ಶುರುಮಾಡೋಣವಾ?’ ಅಂತ ಚೀಲ ಬಿಚ್ಚಿದಳು. ಅಜ್ಜಿ ಒಳಗೆ ಹೋಗಿ ಕ್ಲಿನಿಕ್ ಪುಸ್ತಕ ತಂದರು, ಹಾಳೆ ಬಿಡಿಸಿದರು, ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ದುವೇ, ಲೇ ಎಪಾ. ಮುತ್ರಾ ದೆನ್ನಮ್.’ ಮಗಳೇ, ರಕ್ತ ಬೇಡ, ಮೂತ್ರ ಕೊಡುತ್ತೇನೆ. ಕಳೆದ ಸಲ ಸೂಜಿ ಚುಚ್ಚಿದ ಜಾಗ ಎರಡು ದಿನ ನೀಲಿ ಕಟ್ಟಿತ್ತಂತೆ.

ಕಾರ್ಯಕರ್ತೆ ಕ್ಷಮೆ ಕೇಳಿ, ಸಿರಿಂಜನ್ನು ಚೀಲಕ್ಕೆ ಹಾಕಿ, ಡಬ್ಬಿ ಕೊಟ್ಟಳು. ನಮೂನೆ ತುಂಬಲು ಕೂತಾಗ ನಾನು ನೋಡಿದೆ. ಅದರಲ್ಲಿ ಇದ್ದದ್ದು ಎರಡೇ ಚೌಕ, ‘ಮುಂದುವರಿಯುತ್ತಾರೆ’, ‘ಹಿಂದೆ ಸರಿದಿದ್ದಾರೆ’. ಅಜ್ಜಿ ಹೇಳಿದ್ದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಕೈಯಲ್ಲಿ ಬರೆದೆವು. ಆ ರಾತ್ರಿ ಅನುರಾಧಪುರದ ರೂಮಿನಲ್ಲಿ ಕೂತು ನಾವಿಬ್ಬರೂ ಕಮಿಟಿಗೆ ಇನ್ನೊಂದು ‘ಸಂಶೋಧನಯ’ ಬರೆದೆವು. ರಕ್ತಕ್ಕೆ ಒಂದು ಚೌಕ, ಮೂತ್ರಕ್ಕೆ ಒಂದು, ಪ್ರಶ್ನೆಗಳಿಗೆ ಒಂದು. ಪ್ರತಿಯೊಂದರ ಮುಂದೆಯೂ ‘ಕ್ಯಾಮತಿಯಿ’, ‘ಎಪಾ’.